ಗೋಡೆಯ ಕೊನೆಯ ಒಂಬತ್ತು ಪಿಕ್ಸೆಲ್ ಯಾರದು?

ಸವದತ್ತಿಯ ಗೆಳೆಯನೊಬ್ಬ ನನ್ನ ಮೇಲೆ ಮೋಸದ ಆರೋಪ ಹೊರಿಸಿದ್ದಾನೆ. ಸಂಶೋಧನೆಯ ಬಿಡುವಿನಲ್ಲಿ ನಾನೊಂದು ಪುಟ್ಟ ಮೊಬೈಲ್ ಗೇಮ್ ಮಾಡಿದ್ದೇನೆ. ಕಿತ್ತೂರು ಕೋಟೆಯ ಹಾಳುಗೋಡೆಗಳ ಮೇಲೆ ಓಡುತ್ತ, ಒಂದು ಗೋಡೆಯಿಂದ ಇನ್ನೊಂದಕ್ಕೆ ಜಿಗಿಯುವ ಹುಡುಗಿಯೊಬ್ಬಳ ಆಟ ಅದು. ಇಂಥ ಓಡಿ ಜಿಗಿಯುವ ಆಟಗಳಿಗೆ ಪ್ಲಾಟ್‌ಫಾರ್ಮರ್ ಎನ್ನುತ್ತಾರೆ. ಗೆಳೆಯ ಅದನ್ನು ಆಡಿ, ಚಿತ್ರವನ್ನು ನಿಧಾನಗೊಳಿಸಿ ನೋಡಿ, ಒಂದು ಗುಟ್ಟು ಹಿಡಿದ. ಹುಡುಗಿಯ ಕಾಲು ಗೋಡೆಯ ಅಂಚು ದಾಟಿ ಗಾಳಿಯಲ್ಲಿದ್ದರೂ, ಗುಂಡಿ ಒತ್ತಿದರೆ ಅವಳು ಜಿಗಿಯುತ್ತಾಳೆ. "ದೋಸ್ತ, ಇದು ಆಟ ಅಲ್ಲ, ಕೈಹಿಡದು ದಾಟಿಸೋದು. ಬೀಳೂವಾಂವ ಬೀಳಬೇಕು" ಎಂದ.

ಅವನು ಹಿಡಿದದ್ದು ನಿಜ. ಅದನ್ನು ನಾನು ಬೇಕೆಂದೇ ಇಟ್ಟಿದ್ದೇನೆ. ಆದರೆ ಮೋಸ ಎಂಬ ಮಾತನ್ನು ಒಪ್ಪಲಾರೆ. ಮೋಸ ಇದ್ದದ್ದು ನನ್ನ ಮೊದಲ ಆವೃತ್ತಿಯಲ್ಲಿ, ಗೆಳೆಯ ಮೆಚ್ಚುವ ಆ ಕಟ್ಟುನಿಟ್ಟಿನ ಆವೃತ್ತಿಯಲ್ಲಿ.

ಆ ಆವೃತ್ತಿಯನ್ನು ಮೊದಲು ಆಡಿದ್ದು ರಾಮದುರ್ಗದಲ್ಲಿರುವ ನನ್ನ ಅಕ್ಕನ ಮಗ. ಹತ್ತು ವರ್ಷದವನು. ಕೈಯಲ್ಲಿದ್ದದ್ದು ಅವನ ಅಪ್ಪ ಬಳಸಿ ಬಿಟ್ಟ, ಮೂಲೆಯಲ್ಲಿ ಗಾಜು ಬಿರಿದ ಫೋನು. ಬೈಲಹೊಂಗಲದ ಮನೆಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಸಲೀಸಾಗಿ ದಾಟುತ್ತಿದ್ದ ಮೂರನೇ ಗೋಡೆಯಲ್ಲಿ ಅವನು ಮತ್ತೆ ಮತ್ತೆ ಬಿದ್ದ. "ನಾ ಒತ್ತೀನಿ ಮಾಮಾ, ಅಕಿ ಜಿಗೀವಲ್ಲಳು" ಎಂದ. ನಾನು "ತಡಾ ಒತ್ತಾಕತ್ತಿ, ಸ್ವಲ್ಪ ಮೊದಲ ಒತ್ತು" ಎಂದೆ. ಮೊದಲೇ ಒತ್ತಿದಾಗ, ಹಿಂದಿನ ಜಿಗಿತ ಮುಗಿದು ಕಾಲು ಇನ್ನೂ ನೆಲ ಮುಟ್ಟಿರಲಿಲ್ಲವಾದ್ದರಿಂದ, ಆ ಒತ್ತು ಲೆಕ್ಕಕ್ಕೇ ಬರಲಿಲ್ಲ. ತಡವಾದರೂ ತಪ್ಪು, ಬೇಗಾದರೂ ತಪ್ಪು. ಕೊನೆಗೆ ಅವನು ಫೋನನ್ನು ಹಾಸಿಗೆಯ ಮೇಲೆ ಇಟ್ಟು, "ನನ್ನ ಕೈನ ಸರಿ ಇಲ್ಲ ಬಿಡು" ಎಂದು ಹೊರಗೆ ಹೋದ.

ಆ ಮಾತು ನನ್ನನ್ನು ಚುಚ್ಚಿತು. ಮರುದಿನ ಅವನ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ನನ್ನ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದೆ. ಅದು ಸೆಕೆಂಡಿಗೆ 240 ಚಿತ್ರ ಹಿಡಿಯುತ್ತದೆ, ಅಂದರೆ ಒಂದೊಂದು ಚಿತ್ರದ ನಡುವೆ ಸುಮಾರು 4 ಮಿಲಿಸೆಕೆಂಡು. ಬೆರಳು ಗಾಜಿಗೆ ತಾಗಿದ ಚಿತ್ರದಿಂದ ಹುಡುಗಿಯ ಕಾಲು ಮೇಲೇಳುವ ಚಿತ್ರದವರೆಗೆ ಎಣಿಸಿದೆ. ಹೆಚ್ಚುಕಡಿಮೆ 24 ಚಿತ್ರ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮುಟ್ಟಿದ್ದನ್ನು ಗಾಜು ಗುರುತಿಸಬೇಕು, ಫೋನು ಅದನ್ನು ಆಟಕ್ಕೆ ತಲುಪಿಸಬೇಕು, ಆಟ ಲೆಕ್ಕ ಹಾಕಿ ಹೊಸ ಚಿತ್ರ ಬರೆಯಬೇಕು, ಅದು ಪರದೆಗೆ ಬರಬೇಕು. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಸಮಯ ಸೋರುತ್ತದೆ. ಹಳೆಯ, ಅಗ್ಗದ ಫೋನಿನಲ್ಲಿ ಹೆಚ್ಚು ಸೋರುತ್ತದೆ.

ಈಗ ಲೆಕ್ಕ ಮಾಡಿ. ನನ್ನ ಹುಡುಗಿ ಸೆಕೆಂಡಿಗೆ 90 ಪಿಕ್ಸೆಲ್ ಓಡುತ್ತಾಳೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 9 ಪಿಕ್ಸೆಲ್. ಗೋಡೆಯ ಒಂದು ಕಲ್ಲಿನ ಅಗಲ 8 ಪಿಕ್ಸೆಲ್. ಹುಡುಗಿ ಕೊನೆಯ ಕಲ್ಲಿನ ಮೇಲೆ ಕಾಲಿಟ್ಟದ್ದನ್ನು ಪರದೆಯಲ್ಲಿ ನೋಡಿ ಹುಡುಗ ಆ ಕ್ಷಣವೇ ಒತ್ತುತ್ತಾನೆ. ಆ ಒತ್ತು ಆಟದ ಲೆಕ್ಕಕ್ಕೆ ಸೇರುವ ಹೊತ್ತಿಗೆ ಹುಡುಗಿ ಆ ಕಲ್ಲನ್ನು ದಾಟಿ ಗಾಳಿಯಲ್ಲಿದ್ದಾಳೆ. ಕಣ್ಣಿಗೆ ಕಾಣುವ ಗೋಡೆಯ ಕೊನೆಯ ಒಂಬತ್ತು ಪಿಕ್ಸೆಲ್ ಅವನಿಗೆ ಇರಲೇ ಇಲ್ಲ. ಚಿತ್ರದಲ್ಲಿ ತೋರಿಸಿ, ಲೆಕ್ಕದಲ್ಲಿ ಕಸಿದುಕೊಂಡಿದ್ದೆ. ಮೇಲಿಂದ "ತಡಾ ಮಾಡಿದಿ" ಎಂದು ಬೈದಿದ್ದೆ.

ಇದಕ್ಕೆ ಗೇಮ್ ಮಾಡುವವರ ಬಳಿ ಹಳೆಯ ಮದ್ದಿದೆ. ಹೆಸರು ಕಯೋಟಿ ಟೈಮ್. ವಾರ್ನರ್ ಬ್ರದರ್ಸ್ ಕಾರ್ಟೂನುಗಳಲ್ಲಿ ವೈಲ್ ಇ. ಕಯೋಟಿ ಎಂಬ ತೋಳದಂಥ ಪ್ರಾಣಿ ಬರುತ್ತದೆ. ಓಡುವ ಭರದಲ್ಲಿ ಬಂಡೆಯ ಅಂಚು ದಾಟಿದರೂ, ಕೆಳಗೆ ನೋಡುವವರೆಗೆ ಅದು ಬೀಳುವುದಿಲ್ಲ. ಅಂಚು ಬಿಟ್ಟ ಮೇಲೂ ತುಸು ಹೊತ್ತು ಜಿಗಿತಕ್ಕೆ ಅವಕಾಶ ಕೊಡುವುದೇ ಕಯೋಟಿ ಟೈಮ್. ಇದರ ಜೋಡಿ ಇನ್‌ಪುಟ್ ಬಫರಿಂಗ್. ನೆಲ ಮುಟ್ಟುವ ಮುನ್ನವೇ ಒತ್ತಿದ್ದರೆ ಅದನ್ನು ಕ್ಷಣಕಾಲ ನೆನಪಿಟ್ಟುಕೊಂಡು, ಕಾಲು ತಾಗಿದ ಕೂಡಲೇ ಜಿಗಿಸುವುದು. ಮೊದಲನೆಯದು ತಡವಾದ ಒತ್ತಿಗೆ, ಎರಡನೆಯದು ಅವಸರದ ಒತ್ತಿಗೆ. ಫೋನಿನ ನಿಧಾನವನ್ನು ಕಲಿತು, ಮೊದಲೇ ಒತ್ತಲು ರೂಢಿ ಮಾಡಿಕೊಂಡ ನನ್ನ ಅಳಿಯನಿಗೆ ಎರಡೂ ಬೇಕಿದ್ದವು.

ಗೊಡೋ ಎಂಬ ಗೇಮ್ ಎಂಜಿನ್ನಿನಲ್ಲಿ ಇದು ಇಷ್ಟೇ:

```gdscript
if is_on_floor():
    coyote = 0.1
else:
    coyote -= delta

if Input.is_action_just_pressed("jump"):
    buffer = 0.08
else:
    buffer -= delta

if buffer > 0 and coyote > 0:
    velocity.y = -JUMP
    buffer = 0
    coyote = 0
```

ಎರಡು ಗಡಿಯಾರ. ನೆಲದ ಮೇಲಿರುವಷ್ಟು ಹೊತ್ತು `coyote` ತುಂಬಿರುತ್ತದೆ, ನೆಲ ಬಿಟ್ಟೊಡನೆ ಕರಗತೊಡಗುತ್ತದೆ. ಗುಂಡಿ ಒತ್ತಿದಾಗ `buffer` ತುಂಬುತ್ತದೆ, ಆಮೇಲೆ ಕರಗುತ್ತದೆ. ಎರಡರಲ್ಲೂ ಏನಾದರೂ ಉಳಿದಿದ್ದರೆ ಜಿಗಿತ. ಕೊನೆಯ ಎರಡು ಸಾಲು ಚಿಕ್ಕವು, ಆದರೆ ನಾನು ಎಡವಿದ್ದು ಅಲ್ಲೇ. `coyote` ಅನ್ನು ಸೊನ್ನೆ ಮಾಡಲು ಮರೆತಿದ್ದೆ. ಗುಂಡಿಯನ್ನು ಬೇಗಬೇಗ ಎರಡು ಸಲ ಕುಟ್ಟಿದರೆ ಹುಡುಗಿ ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯುತ್ತಿದ್ದಳು. ಸಮಯವನ್ನು ಫ್ರೇಮಿನಲ್ಲಿ ಅಳೆಯದೆ ಸೆಕೆಂಡಿನಲ್ಲಿ ಅಳೆದದ್ದಕ್ಕೂ ಕಾರಣವಿದೆ. ಆರು ಫ್ರೇಮು ಎಂದು ಬರೆದಿದ್ದರೆ, ಸೆಕೆಂಡಿಗೆ 60 ಫ್ರೇಮು ಓಡಿಸುವ ಫೋನಿನಲ್ಲಿ ಅದು 0.1 ಸೆಕೆಂಡು, 30 ಮಾತ್ರ ಓಡಿಸುವ ಫೋನಿನಲ್ಲಿ 0.2. ಒಂದೇ ಆಟಕ್ಕೆ ಎರಡು ನಿಯಮ ಆಗುತ್ತಿತ್ತು.

ಬಫರಿಂಗಿನಲ್ಲಿ ಇನ್ನೊಂದು ಕಣ್ಣಿಗೆ ಬೀಳದ ತಪ್ಪು ಇರುತ್ತದೆ. ಗುಂಡಿಯನ್ನು ಸ್ವಲ್ಪವೇ ಒತ್ತಿ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ ಎಂಬ ನಿಯಮ ಬಹಳ ಆಟಗಳಲ್ಲಿದೆ. ನೆಲ ಮುಟ್ಟುವ ಮೊದಲೇ ಮಗು ಒತ್ತಿ, ಬೆರಳನ್ನೂ ಎತ್ತಿದೆ ಎನ್ನಿ. ಬೆರಳೆತ್ತಿದ ಸುದ್ದಿ ಜಿಗಿತಕ್ಕಿಂತ ಮೊದಲೇ ಬಂದು ಹೋಗಿರುತ್ತದೆ. ಆಟಕ್ಕೆ ಅದು ನೆನಪಿಲ್ಲ. ಆಗ ಗಿಡ್ಡ ಜಿಗಿತ ಕೇಳಿದವನಿಗೆ ಎತ್ತರದ ಜಿಗಿತ ಸಿಕ್ಕಿ, ಮೇಲಿನ ಮುಳ್ಳಿಗೆ ತಲೆ ತಾಗುತ್ತದೆ. ಜಿಗಿಸುವ ಕ್ಷಣದಲ್ಲಿ ಗುಂಡಿ ಇನ್ನೂ ಒತ್ತಿದೆಯೇ ಎಂದು ನೋಡಿ, ಇಲ್ಲದಿದ್ದರೆ ವೇಗವನ್ನು ಅಲ್ಲೇ ಕತ್ತರಿಸಬೇಕು.

ಈಗ ಗೆಳೆಯನ ವಾದಕ್ಕೆ ಬರುತ್ತೇನೆ. ಅವನು ಶಾಲೆಯಲ್ಲಿ ಲಾಂಗ್ ಜಂಪ್ ಆಡಿದವನು. "ಹಲಗಿ ದಾಟಿ ಕಾಲಿಟ್ರ ಫೌಲ್. ಅಲ್ಲಿ ಯಾರಾದ್ರೂ ಹತ್ತನೇ ಒಂದು ಸೆಕೆಂಡ್ ಮಾಫಿ ಕೊಡ್ತಾರೇನು?" ಎಂದು ಕೇಳಿದ. ಗಟ್ಟಿ ಪ್ರಶ್ನೆಯೇ. ಆದರೆ ಲಾಂಗ್ ಜಂಪಿನಲ್ಲಿ ಕಾಲು ನಮ್ಮದು, ಹಲಗೆ ಕಾಲಡಿಯದು. ಅದೇ ಆಟಗಾರನಿಗೆ ಹಲಗೆಯನ್ನು ನೇರವಾಗಿ ನೋಡಲು ಬಿಡದೆ, ತಡವಾಗಿ ಬರುವ ಟಿವಿ ಚಿತ್ರ ನೋಡುತ್ತ ಜಿಗಿ ಎನ್ನಿ. ಮೇಲಾಗಿ ಅವನ ಕಾಲು ಕೂಡ ಅವನು ನೆನೆಸಿದ ಮೇಲೆ ತಡೆದು ಏಳುವಂತೆ ಮಾಡಿ. ಆಮೇಲೆ ಫೌಲ್ ಕೊಡುವ ಅಂಪೈರನ್ನು ಏನೆನ್ನುತ್ತೀರಿ? ಕಯೋಟಿ ಟೈಮನ್ನು ಮಾಫಿ ಎಂದು ಕರೆಯುವುದರಲ್ಲೇ ತಪ್ಪಿದೆ. ಅದು ಕಸಿದುಕೊಂಡದ್ದನ್ನು ಹಿಂದಿರುಗಿಸುವುದು. ಹುಡುಗನ ಕೈಯಿಂದ ಫೋನು ಒಂಬತ್ತು ಪಿಕ್ಸೆಲ್ ಕಸಿಯಿತು, 0.1 ಸೆಕೆಂಡಿನ ಕಯೋಟಿ ಟೈಮು ಅದೇ ಒಂಬತ್ತನ್ನು ಮರಳಿ ಕೊಟ್ಟಿತು.

"ಹಂಗಾದ್ರ ಆಟ ಸಪ್ಪಗ ಆಗ್ತೈತಿ" ಎನ್ನುವುದು ಅವನ ಎರಡನೇ ವಾದ. ಇದಕ್ಕೆ 2018ರಲ್ಲಿ ಬಂದ 'ಸೆಲೆಸ್ಟ್' ಉತ್ತರ. ಕಷ್ಟದ ಪ್ಲಾಟ್‌ಫಾರ್ಮರ್ ಎಂದರೆ ಜನ ಮೊದಲು ಹೆಸರಿಸುವ ಆಟಗಳಲ್ಲಿ ಅದೂ ಒಂದು. ಅದರಲ್ಲಿ ಪಾತ್ರವನ್ನು ನಡೆಸುವ ಕೋಡನ್ನು ತಯಾರಕರು ಎಲ್ಲರೂ ನೋಡುವಂತೆ ಬಹಿರಂಗವಾಗಿ ಇಟ್ಟಿದ್ದಾರೆ. ಅಲ್ಲಿ `JumpGraceTime` ಎಂಬ ಸಾಲಿನಲ್ಲಿ 0.1 ಎಂದೇ ಇದೆ. ಓಟದ ವೇಗ 90 ಪಿಕ್ಸೆಲ್, ಅದನ್ನು ನಾನು ಅಲ್ಲಿಂದಲೇ ತಂದೆ. ನನ್ನ ಗೆಳೆಯ ಆ ಆಟವನ್ನು ಮುಗಿಸಿದ್ದೇನೆಂದು ಹೆಮ್ಮೆಪಡುತ್ತಾನೆ. ಆ ಬೆಟ್ಟವನ್ನು ಹತ್ತಿದವರೆಲ್ಲ, ಅವನೂ ಸೇರಿ, ಈ 0.1ರ ಜೊತೆಗೇ ಹತ್ತಿದ್ದಾರೆ. ದೊಡ್ಡ ಕಂಪ್ಯೂಟರಿನಲ್ಲಿ ಆಡುವಾಗ ಅದನ್ನು ತನ್ನ ಕೈಚಳಕ ಎಂದುಕೊಂಡವನು, ರಾಮದುರ್ಗದ ಹುಡುಗನಿಗೆ ಅದೇ ಸಿಕ್ಕಾಗ ಮೋಸ ಎನ್ನುತ್ತಿದ್ದಾನೆ. ಕಷ್ಟ ಇರಬೇಕಾದದ್ದು ಗೋಡೆಗಳ ನಡುವಿನ ಅಂತರದಲ್ಲಿ. ನೀನು ಯಾವಾಗ ಒತ್ತಿದೆ ಎಂಬ ತಕರಾರಿನಲ್ಲಿ ಅಲ್ಲ.

ಮಿತಿ ಇಲ್ಲವೆಂದಲ್ಲ. ನಾನು ಒಮ್ಮೆ 0.3 ಇಟ್ಟು ನೋಡಿದೆ. ಹುಡುಗಿ 27 ಪಿಕ್ಸೆಲ್, ಅಂದರೆ ಮೂರು ಕಲ್ಲಿಗೂ ಮಿಕ್ಕಿ, ಅಂಚಿನಾಚೆ ಹೋಗಿ ಅಷ್ಟು ಕೆಳಗೆ ಬಿದ್ದ ಮೇಲೂ ಜಿಗಿದಳು. ಆಗ ಅದು ಯಾರ ಕಣ್ಣಿಗೂ ಸುಳ್ಳಾಗಿ ಕಾಣುತ್ತದೆ. ಬಫರನ್ನು ಅಷ್ಟೇ ಉದ್ದ ಮಾಡಿದಾಗ, ಗಾಬರಿಯಲ್ಲಿ ಒತ್ತಿ ಮರೆತ ಗುಂಡಿಗೆ ಹುಡುಗಿ ನೆಲ ಮುಟ್ಟಿದೊಡನೆ ತಾನಾಗಿ ಜಿಗಿದು ಹೊಂಡಕ್ಕೆ ಬಿದ್ದಳು. "ನಾ ಒತ್ತೇ ಇಲ್ಲ" ಎಂದು ಆಡುವವನು ಅಂದರೆ ಬಫರ್ ಹೆಚ್ಚಾಗಿದೆ, "ನಾ ಒತ್ತಿದ್ದೆ" ಎಂದರೆ ಕಡಿಮೆಯಾಗಿದೆ. ಸೆಕೆಂಡಿನ ಚೂರಿಗೆ ಬಹುಮಾನ ಗೆಲ್ಲುವ ಸ್ಪರ್ಧೆಯಾದರೆ ಲೆಕ್ಕ ಬೇರೆ. ಅಲ್ಲಿ ವೇಗದ ಯಂತ್ರದವನಿಗೆ ಈ 0.1 ಹೆಚ್ಚುವರಿ ಲಾಭವಾಗುತ್ತದೆ. ನನ್ನ ಆಟದಲ್ಲಿ ಯಾರೂ ಯಾರನ್ನೂ ಸೋಲಿಸಬೇಕಿಲ್ಲ.

ನಮ್ಮ ಓಣಿಯ ಕುಂಟಾಟದಲ್ಲಿ "ಗೆರಿ ತುಳದಿ" ಎಂದರೆ "ಇಲ್ಲ, ನೀನ ಸರಿ ನೋಡಿಲ್ಲ" ಎಂದು ಜಗಳಾಡಬಹುದಿತ್ತು. ಫೋನಿನ ಜೊತೆ ಮಗು ಜಗಳಾಡಲಾರದು. ಅದರ ಪರವಾಗಿ ಆಡಬೇಕಾದ ಜಗಳವನ್ನು ಕೋಡ್ ಬರೆಯುವವನು ಮೊದಲೇ ಆಡಿ ಮುಗಿಸಿರಬೇಕು. ಬರೆಯದೆ ಬಿಟ್ಟರೆ ಮಗು ತೀರ್ಪನ್ನು ಒಪ್ಪಿಕೊಂಡು, ನನ್ನ ಕೈ ಸರಿ ಇಲ್ಲ ಎನ್ನುತ್ತದೆ.

ಹೊಸ ಆವೃತ್ತಿ ಹಾಕಿದ ಮೇಲೂ ಅಳಿಯ ಐದನೇ ಗೋಡೆಯಲ್ಲಿ ಬೀಳುತ್ತಾನೆ. ಅಲ್ಲಿ ಅಂತರ ದೊಡ್ಡದು. ಹೋದ ವಾರ ಬಿದ್ದಾಗ ಅವನೇ ಹೇಳಿದ, "ಈ ಸಲ ನಾನ ತಡಾ ಮಾಡಿದೆ ಮಾಮಾ." ಹೇಳಿ, ಮತ್ತೆ ಶುರು ಮಾಡಿದ.

ಗೆಳೆಯನಿಗೆ ಒಂದು ಸವಾಲು. ಕಟ್ಟುನಿಟ್ಟಿನ ಆವೃತ್ತಿ ಇನ್ನೂ ನನ್ನ ಬಳಿ ಇದೆ. ಅದನ್ನು ಆ ಬಿರಿದ ಗಾಜಿನ ಫೋನಿನಲ್ಲಿ ಹಾಕಿಕೊಡುತ್ತೇನೆ. ಒಂದು ವಾರ ಆಡಲಿ. ಮೂರನೇ ಗೋಡೆಯ ಮೇಲೆ ನಿಂತು ಆಮೇಲೆ ಮೋಸದ ಮಾತಾಡೋಣ.