ಅಜ್ಜಗ ಹೀರೋನ ಮೀಸಿ ಹಚ್ಚಬ್ಯಾಡ್ರಿ

1/4
ದೋಸ್ತರ, ನಿಮಗ ಎಡಿಟಿಂಗ್ ಬರ್ತದ ಅಂತ ಊರಾಗ ಗೊತ್ತಾದ್ರ ಒಂದಲ್ಲ ಒಂದ್ ಮನಿಯವ್ರು ಬಂದ ಬರ್ತಾರ. "ತಮ್ಮಾ, ನಮ್ಮ ಅಪ್ಪಾರ ಫೋಟೋಕ್ಕ ಮೀಸಿ ಹಚ್ಚಿ ಕೊಡು, ಕಟ್ ಹಾಕಸ್ಬೇಕು" ಅಂತಾರ. ಅವ್ರ ಕಡೆ ಇರೋ ಚೊಲೋ ಫೋಟೋ ಒಂದ, ಅದೂ ದವಾಖಾನಿಗೆ ಹೋಗೋವಾಗ ಮೀಸಿ ತಗಸಿದ ಮ್ಯಾಲಿಂದು. ನಮ್ಮಾಗ ಭಾಳ ಮಂದಿ ಏನ್ ಮಾಡ್ತಾರ? ಒಂದು ರೆಡಿ ಮೀಸಿ ಪಿಎನ್‌ಜಿ ಇಳಿಸಿ, ತುಟಿ ಮ್ಯಾಲೆ ಇಟ್ಟು, ಎರಡ ನಿಮಿಷದಾಗ ಕೊಟ್ಟು ಬಿಡ್ತಾರ.

ಇದು ತಪ್ಪು ಅಂತ ನನ್ನ ವಾದ. ಫ್ಲೆಕ್ಸ್ ಮ್ಯಾಲಿನ ಸಂಗೊಳ್ಳಿ ರಾಯಣ್ಣನ ಮೀಸಿ ನೋಡ್ರಿ. ರಾಯಣ್ಣನ್ನ ಗಲ್ಲಿಗೆ ಹಾಕಿದ್ದು 1831ರಾಗ, ಫೋಟೋ ತಗಿಯೋ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದು 1839ರಾಗ. ಹಂಗಾಗಿ ಆ ಮೀಸಿ ಚಿತ್ರ ಬರೆಯೋರ ಕಲ್ಪನೆ, ಅದನ್ನ ತಾಳೆ ನೋಡೋರು ಯಾರೂ ಇಲ್ಲ. ಅಜ್ಜನ ಮೀಸಿ ಹಂಗಲ್ಲ. ಅದನ್ನ ನಲವತ್ತು ವರ್ಷ ದಿನಾ ನೋಡಿದ ಅಜ್ಜಿ ಮನ್ಯಾಗ ಕುಂತಾಳ.

2/4
ಅದಕ್ಕ ಮೊದಲ ಹಳೆ ಫೋಟೋ ಕೇಳ್ರಿ. ಮದವಿ ಗುಂಪಿನ ಫೋಟೋ ಆದ್ರೂ ಸಾಕು, ಮಸಕಾಗಿದ್ರೂ ನಡೀತದ. ಅದರಿಂದ ಮೀಸಿ ಕತ್ತರಿಸಿ ತರಬ್ಯಾಡ್ರಿ, ಯಾಕಂದ್ರ ಮಾರಿ ತಿರುಗಿದ ದಿಕ್ಕು, ಬೆಳಕು ಎರಡೂ ಬ್ಯಾರೆ ಇರ್ತಾವ. ಆಕಾರ ಅಷ್ಟ ನೋಡ್ರಿ: ಮೂಗಿನ ಕೆಳಗ ನಡುವ ಸಂದಿ ಐತೋ ಇಲ್ಲೋ, ತುದಿ ಬಾಯಿ ಮೂಲಿಗೆ ನಿಲ್ತದೋ ಕೆಳಗ ಇಳೀತದೋ.

ಆಮೇಲೆ ಹೊಸ ಲೇಯರ್ ಮ್ಯಾಲೆ ಸಣ್ಣ ಬ್ರಷ್‌ನಿಂದ ಒಂದೊಂದ ಕೂದಲ ಎಳೀರಿ. ಮೂಗಿನ ಕೆಳಗ ನಡುವ ಕೂದಲ ಹೆಚ್ಚುಕಡಿಮಿ ನೆಟ್ಟಗ ಕೆಳಗ ಇಳೀತಾವ. ಬಾಯಿ ಮೂಲಿ ಕಡೆ ಹೋದಂಗ ಹೊರಗ ವಾಲ್ತಾವ. ಎಲ್ಲಾ ಒಂದ ದಿಕ್ಕಿಗೆ ಎಳದ್ರ ಕಸಬರಗಿ ಇಟ್ಟಂಗ ಕಾಣ್ತದ. ಅಂಚಿನ್ಯಾಗ ಕೂದಲ ತೆಳ್ಳಗ ಮಾಡಿ, ನಡುನಡುವ ಚರ್ಮ ಕಾಣಂಗ ಬಿಡ್ರಿ.

ಬಣ್ಣ ಅವರ ಹುಬ್ಬಿನಿಂದ, ತಲಿ ಕೂದಲಿನಿಂದ ತಗೋರಿ. ಎಪ್ಪತ್ತು ವರ್ಷದ ಮಾರಿ ಮ್ಯಾಲೆ ಮದವಿ ಫೋಟೋದ ಕರಿ ಮೀಸಿ ಇಟ್ರ ನಾಟಕದ ಪಾತ್ರ ಆಗ್ತದ.

3/4
ಈಗ ನೆರಳು. ಮೂಗಿನ ನೆರಳು ಯಾವ ಕಡೆ ಬಿದ್ದದ ನೋಡ್ರಿ. ಬೆಳಕು ನಮ್ಮ ಎಡಗಡೆಯಿಂದ ಬಂದಿದ್ರ ಅದು ಬಲಗಡೆ ಬಿದ್ದಿರ್ತದ. ಹಂಗಾದ್ರ ಮೀಸಿಯ ಬಲ ಅರ್ಧ ಒಂದ್ ಹಂತ ಕಪ್ಪಗಿರಬೇಕು, ಎಡ ಅರ್ಧದಾಗ ನಾಕಾರು ತಿಳಿ ಕೂದಲ ಬೇಕು.

ಮೀಸಿ ಲೇಯರ್ ಕೆಳಗ ಇನ್ನೊಂದು ಲೇಯರ್ ಹಾಕಿ, Multiply ಆರಿಸಿ, ಚರ್ಮಕ್ಕಿಂತ ಸ್ವಲ್ಪ ಗಾಢ ಕಂದು ಬಣ್ಣ ಶೇ. 20ರಷ್ಟು ತೆಳ್ಳಗ ಮೇಲ್ತುಟಿ ಮ್ಯಾಲೆ ಬಳೀರಿ. ಈ ನೆರಳು ಇಲ್ಲದಿದ್ರ ಮೀಸಿ ಅಂಟಿಸಿದಂಗ ಗಾಳ್ಯಾಗ ನಿಲ್ತದ. ಕಡೀಗೆ ಮೀಸಿಯನ್ನ ಫೋಟೋದಷ್ಟ ಮಸಕ ಮಾಡ್ರಿ. ಕಣ್ಣಿನ ರೆಪ್ಪೆಗಿಂತ ಮೀಸಿ ಕೂದಲ ಚೂಪಾಗಿ ಕಂಡ್ರ ಎಲ್ಲಾರಿಗೂ ಗೊತ್ತಾಗ್ತದ. ಫೋಟೋ ಎಡ-ಬಲ ತಿರುವಿ, ಸಣ್ಣದು ಮಾಡಿ ಒಮ್ಮೆ ನೋಡ್ರಿ. ಕಣ್ಣಿಗಿಂತ ಮೊದಲ ಮೀಸಿ ಮ್ಯಾಲೆ ನಿಮ್ಮ ನದರ ಹೋದ್ರ ಅದು ಇನ್ನೂ ಹೆಚ್ಚಾಗೇತಿ ಅಂತ ಅರ್ಥ.

4/4
ಗಡ್ಡ ತಗಿಯೋದು ಇದಕ್ಕಿಂತ ಕಷ್ಟ. Clone Stamp ಹಿಡದು ಗಲ್ಲದ ಚರ್ಮ ತಂದು ಮುಚ್ಚಿದ್ರ ಮಾರಿ ಮೇಣದ ಗೊಂಬಿ ಆಗ್ತದ. ನುಣ್ಣಗ ಬೋಳಿಸಿದ ಗಂಡಸರ ಗದ್ದದ ಮ್ಯಾಲೂ ಸ್ವಲ್ಪ ಬೂದು ಛಾಯೆ ಉಳದಿರ್ತದ, ಅದನ್ನ ಉಳಿಸ್ರಿ. ಗಡ್ಡದ ಜೋಡಿ ದವಡಿ ಕೆಳಗಿನ ನೆರಳೂ ಅಳಸಿ ಹೋಗಿರ್ತದ. ಅದನ್ನ ಕುತ್ತಿಗಿ ಮ್ಯಾಲೆ ಮತ್ತ ಮೆತ್ತಗ ಬಳೀಬೇಕು, ಇಲ್ಲಂದ್ರ ಗದ್ದ, ಕುತ್ತಿಗಿ ಒಂದ ಆಗ್ತಾವ.

ಆದ್ರ ದಟ್ಟ ಗಡ್ಡದ ಕೆಳಗ ದವಡಿ ಹೆಂಗೈತಿ ಅಂತ ಫೋಟೋದಾಗ ಇರೂದ ಇಲ್ಲ. ನೀವು ಬರದಿದ್ದು ನಿಮ್ಮ ಊಹೆ. ಚೇಷ್ಟಿಗೆ ಮಾಡಿದ್ರ ನಡೀತದ. ಹೆಣ್ಣು ನೋಡೋಕ ಕಳಿಸೋ ಫೋಟೋಕ್ಕ ಗಡ್ಡ ತಗಿ ಅಂತ ಯಾರರೆ ಬಂದ್ರ "ಅಣ್ಣಾ, ಕಟಿಂಗ್ ಅಂಗಡಿಗೆ ಹೋಗಿ ಬಾ, ಹೊಸ ಫೋಟೋ ತಗೀತೀನಿ" ಅಂತ ಹೇಳ್ರಿ.

ಅಜ್ಜನ ಫೋಟೋಕ್ಕ ಆ ದಾರಿ ಇಲ್ಲ. ಅದಕ್ಕ ಪ್ರಿಂಟ್‌ಗೆ ಕಳಿಸೋಕಿಂತ ಮೊದಲ ಫೋನ್ ಒಯ್ದು ಅಜ್ಜಿಗೆ ತೋರಸ್ರಿ. "ತುದಿ ಇಷ್ಟ ಇರಲಿಲ್ಲೋ" ಅಂದ್ರ ಕಡಿಮಿ ಮಾಡ್ರಿ. ಹಳೆ ಫೋಟೋನೂ ಇಲ್ಲ, ನೆನಪಿದ್ದೋರೂ ಇಲ್ಲ ಅಂದ್ರ, ಮೀಸಿ ಇಲ್ಲದ ಫೋಟೋಕ್ಕ ಕಟ್ ಹಾಕಸ್ರಿ. ಅದರೆ ಅವರದ ಮಾರಿ.

ಒಪ್ಪದಿದ್ರ ಕಮೆಂಟ್‌ನ್ಯಾಗ ಜಗಳಾಡ್ರಿ, ಉತ್ತರ ಕೊಡ್ತೀನಿ.