ಸಾರು ತೆಳ್ಳಗಾದರೆ ಪ್ರೋಟೀನ್ ಎಲ್ಲಿಂದ ಬರಬೇಕು?

ನಮ್ಮೂರಿನ ಆರೋಗ್ಯ ಸಭೆಯಲ್ಲಿ ಐದು ನಿಮಿಷ ಮಾತಾಡಲು ಆಶಾ ಕಾರ್ಯಕರ್ತೆಯೊಬ್ಬರು ಕರೆದಿದ್ದಾರೆ. ವಿಷಯ, ಕಡಿಮೆ ಖರ್ಚಿನ ಪ್ರೋಟೀನ್. ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆ ರೇಟು ಗೊತ್ತಿಲ್ಲದವರು ಯಾರೂ ಇಲ್ಲ, ಊಟದ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಹಾಗಾಗಿ ಭಾಷಣದಲ್ಲಿ ಬರೀ ಲೆಕ್ಕವನ್ನೇ ಹೇಳುವುದೆಂದು ತೀರ್ಮಾನಿಸಿದ್ದೇನೆ. ನಿಮ್ಮೂರಲ್ಲೂ ಯಾರಾದರೂ ಮೈಕ್ ಕೊಟ್ಟರೆ ಇದನ್ನೇ ಓದಿ.

ಎಲ್ಲರಿಗೂ ನಮಸ್ಕಾರ. 55 ಕಿಲೋ ತೂಕದ ಒಬ್ಬ ಅಕ್ಕ ತೋಟದ ಕೆಲಸಕ್ಕೆ ಹೋಗ್ತಾರೆ ಅಂತ ಇಟ್ಟುಕೊಳ್ಳಿ. ನಮ್ಮ ದೇಶದ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ ಅವರಿಗೆ ಸುಮಾರು 46 ಗ್ರಾಂ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಎಲ್ಲ ಸೇರಿ 300 ಗ್ರಾಂ ಕುಚ್ಚಲಕ್ಕಿ ಅಂತಾದರೆ ಅದರಲ್ಲಿ 21 ಗ್ರಾಂ ಸಿಗ್ತದೆ. ನಾಲ್ಕು ಜನಕ್ಕೆ 100 ಗ್ರಾಂ ತೊಗರಿಬೇಳೆ ಹಾಕಿ ಸಾರು ಮಾಡಿದರೆ ಒಬ್ಬರ ಪಾಲಿಗೆ ಬರುವುದು ಐದು ಗ್ರಾಂ. ಒಟ್ಟು 26 ಆಯ್ತು. ಇನ್ನೂ 20 ಗ್ರಾಂ ಕಮ್ಮಿ ಉಂಟು. ಹೊಟ್ಟೆ ತುಂಬಿರುತ್ತದೆ, ಅದಕ್ಕೇ ಕಮ್ಮಿಯಾದದ್ದು ಗೊತ್ತಾಗುವುದಿಲ್ಲ.

ಆ 20 ಗ್ರಾಂ ತುಂಬಿಸುವುದು ಕಷ್ಟ ಅಲ್ಲ. ಒಂದು ಮೊಟ್ಟೆಗೆ 6 ಗ್ರಾಂ. ಒಂದು ಹಿಡಿ, ಅಂದರೆ 25 ಗ್ರಾಂ ನೆಲಗಡಲೆಗೆ 6 ಗ್ರಾಂ. 40 ಗ್ರಾಂ ಹುರುಳಿ ಅಥವಾ ಹೆಸರಿಗೆ 9 ಗ್ರಾಂ. ಒಟ್ಟು 21.

ಈಗ ದುಡ್ಡು. ಹುರುಳಿ ಕಿಲೋಗೆ 80 ರೂಪಾಯಿ ಅಂತಾದರೆ ಹತ್ತು ಗ್ರಾಂ ಪ್ರೋಟೀನಿಗೆ ನಾಲ್ಕು ರೂಪಾಯಿಯೂ ಬೀಳುವುದಿಲ್ಲ. ಕಿಲೋಗೆ 150ರ ನೆಲಗಡಲೆಯಲ್ಲಿ ಆರು ರೂಪಾಯಿ, 7 ರೂಪಾಯಿಯ ಮೊಟ್ಟೆಯಲ್ಲಿ ಹನ್ನೆರಡು. ನಿಮ್ಮ ಅಂಗಡಿಯ ರೇಟು ಬೇರೆ ಇರಬಹುದು, ಮೊಬೈಲಲ್ಲಿ ನೀವೇ ಲೆಕ್ಕ ಹಾಕಿ ನೋಡಿ. ಮೊಟ್ಟೆ ಸ್ವಲ್ಪ ದುಬಾರಿ ಹೌದು, ಆದರೆ ಅದರ ಪ್ರೋಟೀನಿನಲ್ಲಿ ಯಾವ ಅಂಶವೂ ಕೊರತೆ ಇಲ್ಲ. ಅಕ್ಕಿಯಲ್ಲಿ ಲೈಸಿನ್ ಕಮ್ಮಿ, ಅದು ಹೆಸರು, ಹುರುಳಿ, ಅಲಸಂಡೆಯಲ್ಲಿ ಧಾರಾಳ ಉಂಟು. ಹಾಗಾಗಿ ಮೊಟ್ಟೆ ತಿನ್ನದ ಮನೆಯವರು ಗಂಜಿಯ ಜೊತೆ ಹೆಸರುಕಾಳಿನ ಪಲ್ಯ ಉಂಡರೂ ನಡೀತದೆ. ಬರೀ ನೆಲಗಡಲೆ ಸಾಲದು, ಅದರಲ್ಲೂ ಲೈಸಿನ್ ಕಮ್ಮಿಯೇ.

ನಾನು ಸಾವಯವದವನು, ಆದರೂ ಹೇಳ್ತೇನೆ: ನಾಟಿ ಮೊಟ್ಟೆಗೆ ಎರಡು ಪಾಲು ದುಡ್ಡು ಕೊಟ್ಟರೆ ಪ್ರೋಟೀನ್ ಎರಡು ಪಾಲು ಬರುವುದಿಲ್ಲ. ಅದು ಗಾತ್ರದಲ್ಲೂ ಸಣ್ಣದು. ರುಚಿಗೆ ಬೇಕಾದರೆ ತೆಗೊಳ್ಳಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಬಿಳಿ ಮೊಟ್ಟೆಯೇ ಸಾಕು. ಬೇಯಿಸಿಯೇ ತಿನ್ನಿ, ಹಸಿ ಮೊಟ್ಟೆಯ ಪ್ರೋಟೀನ್ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ.

ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡ್ತಾರೆ. ಬಾಳೆಹಣ್ಣು ಒಳ್ಳೆಯದೇ, ಆದರೆ ಒಂದು ಹಣ್ಣಲ್ಲಿ ಪ್ರೋಟೀನ್ ಬರೀ ಒಂದು ಗ್ರಾಂ. ಅಂಥ ಮಕ್ಕಳಿಗೆ ಸಂಜೆ ಮನೆಯಲ್ಲಿ ಹೆಸರುಕಾಳಿನ ಉಸ್ಲಿ ಕೊಡಿ.

ಇನ್ನು ಮುಖ್ಯ ವಿಷಯ, ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನೆಲಗಡಲೆ ಬೇಗ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೆ ಹೋಗ್ತದೆ ಅಂತ ಕೆಲವರು ಹೇಳುವುದುಂಟು, ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಕಿಲೋಗಟ್ಟಲೆ ತರಬೇಡಿ. ಕಾಲು ಕಿಲೋ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಸುಕ್ಕಾದ, ಬಣ್ಣ ಕೆಟ್ಟ ಕಾಳು ಹೆಕ್ಕಿ ಬಿಸಾಡಿ. ಬಾಯಿಗೆ ಕಹಿ ಬಂದರೆ ಉಗಿದುಬಿಡಿ. ಕೆಟ್ಟ ಕಾಳನ್ನು ಕೋಳಿಗೆ ಹಾಕುವ ಅಭ್ಯಾಸವೂ ಬೇಡ, ಅದೇ ವಿಷ ಕೋಳಿಯನ್ನೂ ಕಾಡ್ತದೆ. ತೀರಾ ಸಣ್ಣ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಗಂಜಿಗೆ ಹಾಕಿ.

ಹುರುಳಿ ತಿಂದರೆ ಗ್ಯಾಸ್ ಅಂತ ಹೇಳುವವರು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಬೇಯಿಸಿ. ಹುರುಳಿ ಸಾರಿಗೆ ಬೇಯಿಸಿದ ಕಟ್ಟು ಮಾತ್ರ ಬಸಿದು, ಕಾಳನ್ನು ದನಕ್ಕೆ ಹಾಕುವ ಮನೆಗಳುಂಟು. ಪ್ರೋಟೀನಿನ ದೊಡ್ಡ ಪಾಲು ಆ ಕಾಳಲ್ಲೇ ಇರುವುದು, ಮಾರಾಯ್ರೆ. ದನಕ್ಕೆ ಹಿಂಡಿ ಉಂಟಲ್ಲ, ಕಾಳನ್ನು ಪಲ್ಯ ಮಾಡಿ ನೀವು ತಿನ್ನಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಈ ಲೆಕ್ಕ ಅನುಸರಿಸಬೇಡಿ.

ಭಾಷಣ ಇಷ್ಟೇ. ನಿಮಗೆ, ಅಂದರೆ ಇದನ್ನು ಓದುವ ಕೃಷಿಕ ಗೆಳೆಯರಿಗೆ, ಇನ್ನೊಂದು ಮಾತು. ಹಿಂದೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಉಳಿದ ತೇವಕ್ಕೇ ಉದ್ದು, ಹೆಸರು, ಹುರುಳಿ ಬಿತ್ತುತ್ತಿದ್ದರು. ಗದ್ದೆ ಅಡಿಕೆ ತೋಟವಾದ ಮೇಲೆ ಕಾಳು ಅಂಗಡಿಗೆ ಹೋಯಿತು. ದೊಡ್ಡ ತೋಟದ ಅಡಿ ನೆರಳು ಜಾಸ್ತಿ, ಅಲ್ಲಿ ಕಾಳು ಕಟ್ಟುವುದಿಲ್ಲ. ಆದರೆ ಹೊಸದಾಗಿ ನೆಟ್ಟ ಅಡಿಕೆಯ ಸಾಲುಗಳ ನಡುವೆ ಮೊದಲ ಎರಡು ಮೂರು ವರ್ಷ ಬಿಸಿಲು ಚೆನ್ನಾಗಿ ಬೀಳುತ್ತದೆ. ಮಳೆ ಬಿಟ್ಟ ಮೇಲೆ ಅಲ್ಲಿ ಅಲಸಂಡೆ ಅಥವಾ ಹೆಸರು ಬಿತ್ತಿ, ಕಾಳು ಬಿಡಿಸಿಕೊಂಡು ಗಿಡವನ್ನು ಅಡಿಕೆ ಬುಡಕ್ಕೇ ಹಾಕಿ.