ಒಂದು ಗೇಣಿನ ತಕರಾರು

ಫೋನಿನಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡಿಕೊಂಡು ಬರುವವರ ಸಂಖ್ಯೆ ಈಗ ಜಾಸ್ತಿ ಆಗಿದೆ. ಒಳ್ಳೇದೇ. ಆದರೆ ಕೆಂಪು ಚುಕ್ಕೆ ಮಿನುಗಿದ ಕೂಡಲೇ "ಆಯ್ತು, ರೆಕಾರ್ಡ್ ಆಗ್ತಿದೆ" ಅಂತ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾ ಕೂರುವವರ ಮೇಲೆ ನನ್ನದೊಂದು ತಕರಾರಿದೆ. ಫೋನು ರೆಕಾರ್ಡ್ ಮಾಡುತ್ತಿರುತ್ತದೆ, ನಿಜ. ಏನನ್ನು ಅನ್ನೋದು ಪ್ರಶ್ನೆ.

ಹೀಗೆ ಹೇಳಿದ ತಕ್ಷಣ ಸಿಗುವ ಉತ್ತರ ಎರಡು. "ಒಳ್ಳೆ ಮೈಕ್ ಇಲ್ವಲ್ಲ ಸಾರ್" ಅನ್ನೋದು ಒಂದು. "ಆಮೇಲೆ ಸಾಫ್ಟ್‌ವೇರಲ್ಲಿ ಕ್ಲೀನ್ ಮಾಡ್ತೀವಿ ಬಿಡಿ" ಅನ್ನೋದು ಇನ್ನೊಂದು. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ, ಇವೆರಡೂ ನೆಪ. ಹಾಳಾದ ಸಂದರ್ಶನಗಳಲ್ಲಿ ಹೆಚ್ಚಿನವು ಹಾಳಾಗೋದು ಮೈಕಿನಿಂದ ಅಲ್ಲ, ದೂರದಿಂದ.

ಒಂದು ಉದಾಹರಣೆ ತಗೊಳ್ಳಿ. ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಕಡೆಯ ಒಬ್ಬ ಅಜ್ಜ. ಕಾಫಿ ತೋಟದಲ್ಲಿ ಆಳಾಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತರಾದವರು. ಎಂಬತ್ತು ದಾಟಿದೆ, ದನಿ ಮೆತ್ತಗಾಗಿದೆ. ಅವರ ಬಾಲ್ಯದ ಕಥೆ ಕೇಳಲು ಕೆಲವರು ಬಂದಿದ್ದರು. ಜುಲೈ ತಿಂಗಳು. ಜಗಲಿಗೆ ಜಿಂಕ್ ಶೀಟಿನ ಮಾಡು, ಅದರ ಮೇಲೆ ಮಳೆ. ಅಜ್ಜ ಗೋಡೆಗೆ ಒರಗಿ ಕುರ್ಚಿಯಲ್ಲಿ, ಫೋನು ಟೀಪಾಯಿಯ ಮೇಲೆ ಬಿಸ್ಕತ್ತಿನ ತಟ್ಟೆ ಪಕ್ಕದಲ್ಲಿ. ಅಂದಾಜು 160 ಸೆಂಟಿಮೀಟರ್ ದೂರ. ಸಾಲದ್ದಕ್ಕೆ ಫೋನಿನ ತಳಭಾಗ ಅಜ್ಜನ ಕಡೆಗಲ್ಲ, ಅಂಗಳದ ಕಡೆಗೆ. ಹೆಚ್ಚಿನ ಫೋನುಗಳಲ್ಲಿ ಮಾತಿನ ಮುಖ್ಯ ಮೈಕ್ ಇರೋದು ಆ ತಳದ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ತೂತಿನ ಹಿಂದೆ.

ಆ ಫೈಲನ್ನು ಬರಹಕ್ಕಿಳಿಸುವ ಕೆಲಸ ನನಗೆ ಬಂತು. ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ. "ಆಗ ನಮ್ಮಪ್ಪ ಸಾಲ ಬಿಡ್ಸಿದ್ರು" ಅಂತಲೋ, "ನಮ್ಮಪ್ಪ ಸಾಲೆ ಬಿಡ್ಸಿದ್ರು" ಅಂತಲೋ? ಒಂದರಲ್ಲಿ ಅಪ್ಪ ಸಾಲದಿಂದ ಬಿಡುಗಡೆ ಕೊಡಿಸಿದ. ಇನ್ನೊಂದರಲ್ಲಿ ಹುಡುಗನನ್ನು ಶಾಲೆಯಿಂದ ಬಿಡಿಸಿದ. ಇಡೀ ಬದುಕಿನ ಕಥೆ ಕೊನೆಯ ಒಂದು ಸ್ವರದ ಮೇಲೆ ನಿಂತಿದೆ, ಸರಿಯಾಗಿ ಅಲ್ಲೇ ಮಳೆ ಜೋರಾಗಿದೆ! ಇಪ್ಪತ್ತು ಸಲ ಕೇಳಿದರೂ ತಿಳಿಯಲಿಲ್ಲ.

ಈಗ ಆ "ಕ್ಲೀನ್ ಮಾಡೋ" ವಿಷಯಕ್ಕೆ ಬರೋಣ. ಸದ್ದು ತೆಗೆಯುವ ಹಳೆಯ ವಿಧಾನ ಏನು ಮಾಡುತ್ತದೆ ಅಂದರೆ, ಯಾರೂ ಮಾತಾಡದ ಒಂದೆರಡು ಸೆಕೆಂಡು ನೋಡಿ ಈ ಸದ್ದಿನ ಸ್ವರೂಪ ಹೀಗಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಉಳಿದ ಭಾಗದಿಂದ ಕಳೆಯುತ್ತದೆ. ಫ್ಯಾನಿನಂಥ ಒಂದೇ ಸಮ ಸದ್ದಿಗೆ ಇದು ಪರವಾಗಿಲ್ಲ. ಜಿಂಕ್ ಶೀಟಿನ ಮೇಲಿನ ಮಳೆ ಒಂದೇ ಸಮ ಇರೋದಿಲ್ಲ, ಕ್ಷಣ ಕ್ಷಣಕ್ಕೂ ಏರಿಳಿಯುತ್ತದೆ, ಮತ್ತು ಮಾತು ಇರುವ ಕಂಪನಗಳಲ್ಲೇ ಅದೂ ಇರುತ್ತದೆ. ಜೋರಾಗಿ ಕಳೆದರೆ ಮಳೆಯ ಜೊತೆ ಸ, ಶ, ಹ ಇಂಥ ಉಸಿರಿನ ಅಕ್ಷರಗಳೂ ಹೋಗುತ್ತವೆ, ಯಾಕೆಂದರೆ ಅವೂ ಹೆಚ್ಚುಕಮ್ಮಿ "ಸುಯ್" ಅನ್ನೋ ಸದ್ದೇ. ಉಳಿಯೋದು ನೀರಿನೊಳಗಿಂದ ಮಾತಾಡಿದ ಹಾಗಿನ ಅಜ್ಜ. ರೆಕಾರ್ಡ್ ಆಗದ ಸ್ವರವನ್ನು ಯಾವ ಪ್ರೋಗ್ರಾಮೂ ವಾಪಸ್ ತರೋದಿಲ್ಲ. ತಂದರೆ ಅದು ಅಜ್ಜನ ಮಾತಲ್ಲ, ಪ್ರೋಗ್ರಾಮಿನ ಊಹೆ.

ದೂರದ ಲೆಕ್ಕ ನೋಡಿ. ಬಾಯಿಯಿಂದ ಮೈಕಿಗೆ ಇರುವ ದೂರ ಅರ್ಧಕ್ಕಿಳಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆ ಮಾತ್ರ ಇದ್ದಷ್ಟೇ ಇರುತ್ತದೆ, ಅದು ಎಲ್ಲಾ ಕಡೆಯಿಂದ ಬರುವ ಸದ್ದು. 160 ಸೆಂಟಿಮೀಟರ್ 80 ಆಗಲಿ, 80 ಹೋಗಿ 40, 40 ಹೋಗಿ 20. ಮೂರು ಸಲ ಅರ್ಧ, ಒಟ್ಟು 18 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಿ 64 ಪಟ್ಟು. ಒಂದು ರೂಪಾಯಿ ಖರ್ಚಿಲ್ಲ! ಅದೇ ಟೀಪಾಯಿ ಮೇಲೆ ಸಾವಿರಾರು ರೂಪಾಯಿಯ ಮೈಕ್ ಇಟ್ಟರೆ ಸಿಗೋದು ಮಳೆಯ ಉತ್ತಮ ಗುಣಮಟ್ಟದ ರೆಕಾರ್ಡಿಂಗ್ ಅಷ್ಟೇ :-)

ಇಪ್ಪತ್ತು ಸೆಂಟಿಮೀಟರ್ ಅಳೆಯಲು ಸ್ಕೇಲು ಬೇಕಿಲ್ಲ. ಹೆಬ್ಬೆರಳಿಂದ ಕಿರುಬೆರಳಿಗೆ ಒಂದು ಗೇಣು. ಬಾಯಿಂದ ಮೈಕಿಗೆ ಒಂದು ಗೇಣು, ತಪ್ಪಿದರೆ ಒಂದೂವರೆ. ಬಾಯಿಯ ನೇರ ಎದುರಿಗೆ ಬೇಡ, ಪ, ಬ, ಭ ಬಂದಾಗ ಉಸಿರು ಬಡಿದು "ಧಬ್" ಅನ್ನುತ್ತದೆ. ಗದ್ದಕ್ಕಿಂತ ಕೆಳಗೆ, ಸ್ವಲ್ಪ ಪಕ್ಕಕ್ಕೆ ಇರಲಿ. ಹಳೆಯ ವೈರಿನ ಇಯರ್‌ಫೋನ್ ಮನೆಯಲ್ಲಿದ್ದರೆ ಅದರ ಮೈಕನ್ನು ಬಟ್ಟೆ ಕ್ಲಿಪ್ಪಿನಿಂದ ಅಂಗಿಯ ಎದೆಗೆ ಸಿಕ್ಕಿಸಿ. ಶಾಲು, ಸರ, ಅಂಗಿಯ ಮಡಿಕೆ ತಾಗದಿದ್ದರೆ ಸಾಕು. ತಾಗಿದರೆ ಕರಕರ ಅನ್ನುತ್ತದೆ, ಅದೂ ಆಮೇಲೆ ಹೋಗೋದಿಲ್ಲ.

ಕೆಲವರು ಇಲ್ಲೊಂದು ಒಳ್ಳೆ ಮನಸ್ಸಿನ ಆಕ್ಷೇಪ ಎತ್ತುತ್ತಾರೆ. ಅಷ್ಟು ಹತ್ತಿರ ಇಟ್ಟರೆ ಹಿರಿಯರಿಗೆ ಸಂಕೋಚ, ಮಾತು ಸಹಜವಾಗಿ ಬರೋಲ್ಲ ಅಂತ. ಸಂಕೋಚ ಇರುತ್ತದೆ, ಇಲ್ಲ ಅನ್ನೋಲ್ಲ. ನಾನು ನೋಡಿದ ಮಟ್ಟಿಗೆ ಅದು ಹತ್ತು ನಿಮಿಷದ್ದು. ಎರಡು ಗಂಟೆ ಮಾತಾಡಿಸಿ, ಅವರು ಹೇಳಿದ್ದು ಅರ್ಧ ಕೇಳಿಸದ ಹಾಗೆ ಮಾಡಿಕೊಂಡು ಹೋಗೋದು ಅದಕ್ಕಿಂತ ದೊಡ್ಡ ಅಗೌರವ ಅಲ್ಲವಾ? "ಅಜ್ಜಾ, ನಿಮ್ಮ ಮಾತು ಸರಿಯಾಗಿ ಕೇಳಿಸ್ಬೇಕು, ಅದಕ್ಕೆ ಹತ್ರ ಇಡ್ತೀನಿ" ಅಂದರೆ ಬೇಡ ಅಂದವರನ್ನು ನಾನಂತೂ ಕಂಡಿಲ್ಲ.

ಮಳೆ ನಿಂತಿದ್ದ ಇನ್ನೊಂದು ದಿನ ಅದೇ ಅಜ್ಜನ ಬಳಿ ಹೋದೆ. ಜಗಲಿ ಬೇಡ ಅಂದೆ. ಹಾಲೂ ಬೇಡ. ಗಾರೆ ನೆಲ, ಬರೀ ಗೋಡೆ, ಒಂದು ಚಪ್ಪಾಳೆ ತಟ್ಟಿದರೆ "ಟಣ್" ಅಂತ ಬಾಲ ಎಳೆಯುತ್ತಿತ್ತು. ಆ ಬಾಲವೇ ಮಾತಿನ ಕೊನೆಯ ಸ್ವರದ ಮೇಲೆ ಮುಂದಿನ ಅಕ್ಷರವನ್ನು ಕಲಸಿ ಹಾಕೋದು. ಮಲಗುವ ಒಳಕೋಣೆಯಲ್ಲಿ ಹಾಸಿಗೆ, ಕಂಬಳಿಗಳ ರಾಶಿ, ಹಗ್ಗದ ಮೇಲೆ ಒಣಗದ ಬಟ್ಟೆಗಳ ಸಾಲು. ಅಲ್ಲಿ ಚಪ್ಪಾಳೆ ತಟ್ಟಿದರೆ "ಟಪ್", ಅಷ್ಟೇ. ಮಲೆನಾಡಿನ ಮಳೆಗಾಲದ ಮನೆ ಪುಕ್ಕಟೆ ಸ್ಟುಡಿಯೋ ಸ್ವಾಮಿ, ಬಟ್ಟೆ ಒಣಗದಿರೋದೂ ಉಪಯೋಗಕ್ಕೆ ಬಂತು. ಕಾಫಿ ಮೂಟೆ ಪೇರಿಸಿಟ್ಟ ಸ್ಟೋರು ರೂಮೂ ಇದೇ ಥರ, ಗೋಣಿ ಚೀಲ ಸದ್ದನ್ನು ಕುಡಿಯುತ್ತದೆ.

ಗೋಡೆ ಗಡಿಯಾರವನ್ನು ಆಚೆ ಕಳಿಸಿದೆ. ಫ್ರಿಜ್ ಆರಿಸಿ, ಬೈಕಿನ ಕೀ ಅದರೊಳಗೇ ಇಟ್ಟೆ. ಮತ್ತೆ ಆನ್ ಮಾಡೋದು ಮರೆತು ಹೊರಟರೆ ಬೈಕು ಹತ್ತಲಾಗದು, ಹಾಲು ಒಡೆಯೋಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಎತ್ತರದ ಸ್ಟೂಲಿನ ಮೇಲೆ ಮಡಚಿದ ಟವೆಲ್, ಟವೆಲ್ ಮೇಲೆ ಫೋನು, ತಳದ ಅಂಚು ಅಜ್ಜನ ಗದ್ದದ ಕಡೆಗೆ. ಟವೆಲ್ ಯಾಕೆಂದರೆ ಸ್ಟೂಲಿಗೆ ಕೈ ತಾಗಿದರೂ ಗುಡುಗಿನ ಹಾಗೆ ಕೇಳುತ್ತದೆ. ಮೂವತ್ತು ಸೆಕೆಂಡು ಊಟದ ವಿಷಯ ಮಾತಾಡಿಸಿ, ಅಲ್ಲೇ ಇಯರ್‌ಫೋನ್ ಹಾಕಿ ಕೇಳಿದೆ. ನಾನು ಗಮನಿಸೋದು ಮಾತನ್ನಲ್ಲ, ಮಾತಿನ ನಡುವಿನ ಬಿಡುವನ್ನು. ಅಜ್ಜ ಸುಮ್ಮನಾದಾಗ "ಸುಯ್" ಅಂತ ಸದ್ದು ತಾನಾಗೇ ಮೇಲೆದ್ದರೆ, ಫೋನು ದನಿ ಸಾಲದೆ ತನ್ನ ಮಟ್ಟವನ್ನು ತಾನೇ ಏರಿಸಿಕೊಳ್ಳುತ್ತಿದೆ ಅಂತ ಅರ್ಥ. ಇನ್ನೂ ಹತ್ತಿರ ಹೋಗಬೇಕು. ಅವತ್ತು ಏಳಲಿಲ್ಲ.

ಕೇಳಿದೆ. "ಅಜ್ಜಾ, ಅವತ್ತು ನಿಮ್ಮಪ್ಪ ಸಾಲ ಬಿಡ್ಸಿದ್ರು ಅಂದ್ರಾ, ಸಾಲೆ ಬಿಡ್ಸಿದ್ರು ಅಂದ್ರಾ?"

ಅಜ್ಜ ನಕ್ಕರು. "ಎರಡೂ ಒಂದೇ ಮಾರಾಯ. ಸಾಲೆ ಬಿಡ್ಸಿ ತೋಟಕ್ಕೆ ಹಾಕಿದ್ರಲ್ಲ, ಅದ್ರಲ್ಲೇ ಸಾಲ ತೀರಿದ್ದು."

ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಸಿಕ್ಕಿತು. ಇದೇ ಮೊದಲೇ ಸಿಗಬಹುದಿತ್ತು, ಅದೇ ಫೋನಿನಲ್ಲಿ.

ಇನ್ನು ಗಾಳಿ. ತೋಟದ ಸಂದರ್ಶನ ಅಂದರೆ ಎಲ್ಲರೂ ಕಾಫಿ ಕಣಕ್ಕೆ ಕರೆದೊಯ್ಯುತ್ತಾರೆ. ಚಿತ್ರ ಚೆನ್ನಾಗಿ ಬರುತ್ತದೆ. ಕಣ ಮಾಡಿರೋದೇ ಬಿಸಿಲು ಗಾಳಿ ಆಡಲಿ ಅಂತ, ನೆಲ ಸಿಮೆಂಟಿನದು. ಮಾತಿಗೆ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಅರ್ಥ ಮಾಡಿಕೊಳ್ಳಬೇಕಾದದ್ದು ಏನೆಂದರೆ, ರೆಕಾರ್ಡಿಂಗಿನಲ್ಲಿ ಕೇಳುವ "ಗುಡುಗುಡು" ಮರಗಳ ನಡುವಿನ ಗಾಳಿಯ ಸದ್ದಲ್ಲ. ಗಾಳಿ ಮೈಕಿನ ತೂತಿನ ಮೇಲೇ ಸುಳಿಯಾಗಿ ಒಳಗಿನ ಪೊರೆಯನ್ನು ಒದೆಯೋದು. ನಿಮ್ಮ ಕಿವಿಗೆ ಅದು ಕೇಳೋದೇ ಇಲ್ಲ, ಆದ್ದರಿಂದಲೇ ಮನೆಗೆ ಬಂದ ಮೇಲೆ ಗೊತ್ತಾಗೋದು. ಸಣ್ಣ ಮಟ್ಟದ ಗುಡುಗುಡುವನ್ನು ಇಷ್ಟರಲ್ಲಿ ಇಳಿಸಬಹುದು:

```
ffmpeg -i ajja.m4a -af highpass=f=80 ajja.wav
```

80 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಇದು ತಗ್ಗಿಸುತ್ತದೆ, ಮಾತು ಬಹುಪಾಲು ಅದರ ಮೇಲಿರುತ್ತದೆ. ಆದರೆ ಗಾಳಿಯ ಒದೆತ ಜೋರಾಗಿ ಅಲೆಯ ತುದಿ ಕತ್ತರಿಸಿ ಹೋಗಿದ್ದರೆ, ಆ ಕ್ಷಣದ ಮಾತೂ ಅದರ ಜೊತೆ ಕತ್ತರಿಸಿ ಹೋಗಿರುತ್ತದೆ. ಆಗ ಯಾವ ಫಿಲ್ಟರೂ ಇಲ್ಲ.

ಪರಿಹಾರ ಮೈಕಿನ ಸುತ್ತ ಒಂದಿಷ್ಟು ನಿಶ್ಚಲ ಗಾಳಿಯನ್ನು ಹಿಡಿದಿಡೋದು. ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಉಸಿರಿಗೆ, ಮೆಲುಗಾಳಿಗೆ ಸಾಕು. ಗುಡ್ಡದ ಮೇಲಿನ ಗಾಳಿಗೆ ಸ್ಪಂಜಿನ ಮೇಲೆ ಉದ್ದ ಕೂದಲಿನ ಬೊಂಬೆ ಬಟ್ಟೆಯ ಕವಚ ಬೇಕು. ಕೂದಲುಗಳು ಗಾಳಿಯ ವೇಗವನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತವೆ, ಶಬ್ದ ಒಳಗೆ ದಾಟುತ್ತದೆ. ಫೋನಿಗೆ ಉಣ್ಣೆಯ ಕಾಲುಚೀಲ ಸಡಿಲವಾಗಿ ಹಾಕಿದರೂ ತಕ್ಕಮಟ್ಟಿಗೆ ನಡೆಯುತ್ತದೆ. ಬೆರಳಿನಿಂದಲೋ ಟೇಪಿನಿಂದಲೋ ತೂತು ಮುಚ್ಚಿದರೆ ಮಾತ್ರ ಮಾತೂ ಮುಚ್ಚಿಹೋಗುತ್ತದೆ. ಇದೆಲ್ಲಕ್ಕಿಂತ ಮೊದಲು, ಗಾಳಿಗೆ ಬೆನ್ನು ಹಾಕಿ ನಿಮ್ಮ ಮೈಯನ್ನೇ ಗೋಡೆ ಮಾಡಿ. ಇಲ್ಲವೇ ಪಕ್ಕದಲ್ಲಿ ನಿಲ್ಲಿಸಿದ ಕಾರೊಳಗೆ ಕೂರಿ. ಎಂಜಿನ್ ಆರಿಸಿ ಗಾಜು ಏರಿಸಿದರೆ, ಮೆತ್ತೆ ಸೀಟುಗಳ ಕಾರು ಕಣದ ಪಕ್ಕದ ಅತ್ಯುತ್ತಮ ಕೋಣೆ.

"ಹಾಗಾದ್ರೆ ತೋಟದ ವಾತಾವರಣ ಬೇಡ್ವಾ, ಜೀರುಂಡೆ, ಮಳೆ?" ಬೇಕು. ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಎಷ್ಟು ಬೇಕೋ ಅಷ್ಟು ಆಮೇಲೆ ಸೇರಿಸಿ. ಮಾತಿಗೆ ಮಳೆ ಸೇರಿಸೋದು ಸುಲಭ. ಮಳೆಯಿಂದ ಮಾತು ತೆಗೆಯೋದು ಆಗದ ಕೆಲಸ.

ಅಜ್ಜ ಇದ್ದರು, ಮತ್ತೆ ಕೇಳಿದೆ, ಹೇಳಿದರು. ಟೀಪಾಯಿ ಮೇಲೆ ರೆಕಾರ್ಡ್ ಆಗಿ ಎಲ್ಲರ ಫೋನುಗಳಲ್ಲಿ ಬಿದ್ದಿರುವ ಮಿಕ್ಕ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನರನ್ನು ಇನ್ನೊಮ್ಮೆ ಕೇಳಲು ಸಾಧ್ಯ? ಮುಂದಿನ ಸಲ ಕಾಫಿ ಲೋಟ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, ಒಂದು ಗೇಣು ಅಳೆದು ಕೂರಿ. ಮೈಕಿನ ಬೆಲೆಯ ಜಗಳ ಆಮೇಲೆ ಆಡೋಣ.